ಅಜ್ಜಿಯ ಟ್ಯಾಬ್ಲೆಟ್‌ಗೆ ಕನ್ನಡ: ಮೊಮ್ಮಗಳ ಸಂದೇಶದಲ್ಲಿ ಏನಿರಬೇಕು?

ಟ್ಯಾಬ್ಲೆಟ್ಟನ್ನು ಕನ್ನಡಕ್ಕೆ ಬದಲಿಸುವುದು ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಪರದೆಯ ಮೇಲೆ ಕಾಣುವ ಮೆನು, ಗುಂಡಿ, ಸೂಚನೆಗಳ ಭಾಷೆಯನ್ನು ಬದಲಿಸುವುದು ಮೊದಲನೆಯದು. ಇದನ್ನು ವ್ಯವಸ್ಥೆಯ ಭಾಷೆ ಎಂದು ಕರೆಯಬಹುದು. ಬರೆಯಲು ಬಳಸುವ ಕೀಲಿಮಣೆಗೆ ಕನ್ನಡದ ಅಕ್ಷರಗಳನ್ನು ಸೇರಿಸುವುದು ಎರಡನೆಯದು. ವಾಟ್ಸ್‌ಆ್ಯಪ್‌ನಂಥ ಒಂದು ಆ್ಯಪ್ ತನ್ನೊಳಗಿನ ಬರಹವನ್ನು ಯಾವ ಭಾಷೆಯಲ್ಲಿ ತೋರಿಸಬೇಕೆಂದು ಗೊತ್ತುಮಾಡುವುದು ಮೂರನೆಯದು. ಈ ಮೂರಕ್ಕೂ ಇರುವ ಸ್ಥಳಗಳು ಬೇರೆ, ಒಂದನ್ನು ಬದಲಿಸಿದರೆ ಉಳಿದೆರಡು ತಾವಾಗಿಯೇ ಬದಲಾಗುತ್ತವೆಂಬ ಖಾತ್ರಿಯೂ ಇಲ್ಲ. ಆದ್ದರಿಂದ ಪರದೇಶದಲ್ಲಿರುವ ಅಜ್ಜಿಗೆ ಮೊಮ್ಮಗಳು ಇದನ್ನು ಬರಹದಲ್ಲಿ ವಿವರಿಸಲು ಹೊರಟಾಗ ಆಕೆ ಮೊದಲು ತೀರ್ಮಾನಿಸಬೇಕಾದದ್ದು ಮೂರರಲ್ಲಿ ಅಜ್ಜಿಗೆ ಬೇಕಾಗಿರುವುದು ಯಾವುದು ಎಂಬುದನ್ನು.

ಇಂಥ ಸಂದೇಶಕ್ಕೆ ಬೇರೆ ಸೂಚನಾಪತ್ರಗಳಿಗಿಲ್ಲದ ಒಂದು ತೊಡಕಿದೆ. ಓದುವವರು ಇಂಗ್ಲಿಷಿನ ಪರದೆಯಿಂದ ಹೊರಡುತ್ತಾರೆ. ಅರ್ಧ ದಾರಿಯಲ್ಲಿ ಒಂದು ಗುಂಡಿಯನ್ನು ಒತ್ತಿದ ಕೂಡಲೇ ಪರದೆಯ ಮೇಲಿನ ಎಲ್ಲ ಹೆಸರುಗಳೂ ಬದಲಾಗಿಬಿಡುತ್ತವೆ. ಅಲ್ಲಿಯವರೆಗೆ ಸರಿಯಾಗಿದ್ದ ಸೂಚನೆ ಆ ಕ್ಷಣದಿಂದ ಪರದೆಗೆ ಹೊಂದುವುದಿಲ್ಲ. ಬರೆಯುವವರು ಈ ಗಡಿಯನ್ನು ಗಮನದಲ್ಲಿಟ್ಟುಕೊಂಡು, ಗಡಿಯ ಈಚೆಗಿನ ಹೆಜ್ಜೆಗಳನ್ನು ಇಂಗ್ಲಿಷ್ ಹೆಸರುಗಳಿಂದಲೂ ಆಚೆಗಿನ ಹೆಜ್ಜೆಗಳನ್ನು ಕನ್ನಡದ ಹೆಸರುಗಳಿಂದಲೂ ಹೇಳಿದರೆ ಮಾತ್ರ ಸಂದೇಶ ಕೊನೆಯವರೆಗೆ ಕೈಹಿಡಿದು ನಡೆಸುತ್ತದೆ.

ಉಪಕರಣಗಳಲ್ಲಿ ಕನ್ನಡದ ಸೌಲಭ್ಯವೇನೂ ಹೊಸದಲ್ಲ. ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಶಿಷ್ಟತೆ, 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಟ್ಯಾಬ್ಲೆಟ್ ಮತ್ತು ಫೋನುಗಳನ್ನು ನಡೆಸುವ ಮೂಲ ತಂತ್ರಾಂಶವಾದ ಆಂಡ್ರಾಯ್ಡ್‌ನ ಮೆನುಗಳು 2014ರಲ್ಲಿ ಬಂದ 5.0 ಆವೃತ್ತಿಯಿಂದ ಕನ್ನಡದಲ್ಲಿ ದೊರೆಯತೊಡಗಿದವು. 2016ರ 7.0 ಆವೃತ್ತಿಯಲ್ಲಿ ಒಂದೇ ಭಾಷೆಯ ಬದಲು ಹಲವು ಭಾಷೆಗಳನ್ನು ಆದ್ಯತೆಯ ಕ್ರಮದಲ್ಲಿ ಪಟ್ಟಿಮಾಡುವ ಅನುಕೂಲ ಬಂದಿತು. 2022ರ 13ನೇ ಆವೃತ್ತಿ ಪ್ರತಿ ಆ್ಯಪ್‌ಗೂ ಬೇರೆ ಭಾಷೆಯನ್ನು ಗೊತ್ತುಮಾಡುವ ದಾರಿಯನ್ನು ತೆರೆಯಿತು. ಅಜ್ಜಿಯ ಕೈಯಲ್ಲಿರುವ ಟ್ಯಾಬ್ಲೆಟ್ ಯಾವ ಆವೃತ್ತಿಯದು ಎಂಬುದರ ಮೇಲೆ ಈ ಅನುಕೂಲಗಳಲ್ಲಿ ಯಾವುವು ಅದರಲ್ಲಿವೆ ಎಂಬುದು ನಿಂತಿದೆ.

ಬರೆಯುವ ಮೊದಲಿನ ಸಿದ್ಧತೆ

ವಿವರಣೆಗಾಗಿ ಒಂದು ಸನ್ನಿವೇಶವನ್ನು ಇಟ್ಟುಕೊಳ್ಳೋಣ. ಅಜ್ಜಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಊರಿನಲ್ಲಿ ಮಗನ ಮನೆಯಲ್ಲಿದ್ದಾರೆ. ಮಗಳ ಮಗಳು ಶಿವಮೊಗ್ಗದಲ್ಲಿದ್ದಾಳೆ. ಅಜ್ಜಿಗೆ ಮಗ ಕೊಡಿಸಿರುವುದು ಸ್ಯಾಮ್‌ಸಂಗ್ ಕಂಪನಿಯ ಆಂಡ್ರಾಯ್ಡ್ ಟ್ಯಾಬ್ಲೆಟ್. ಅವರು ಕನ್ನಡವನ್ನು ಸರಾಗವಾಗಿ ಓದಿ ಬರೆಯಬಲ್ಲರು. ಇಂಗ್ಲಿಷಿನ ಅಕ್ಷರಗಳನ್ನು ಗುರುತಿಸಬಲ್ಲರು, ಆದರೆ ಪರದೆಯ ಮೇಲಿನ ಇಂಗ್ಲಿಷ್ ವಾಕ್ಯಗಳು ಅವರಿಗೆ ಅರ್ಥವಾಗುವುದಿಲ್ಲ.

ಎಡಿಸನ್‌ನಲ್ಲಿ ರಾತ್ರಿ ಒಂಬತ್ತಾದಾಗ, ಅಲ್ಲಿನ ಬೇಸಿಗೆಯ ಗಡಿಯಾರದ ಲೆಕ್ಕದಲ್ಲಿ, ಶಿವಮೊಗ್ಗದಲ್ಲಿ ಮರುದಿನದ ಬೆಳಗಿನ ಆರೂವರೆಯಾಗಿರುತ್ತದೆ. ವಾಟ್ಸ್‌ಆ್ಯಪ್‌ನ ವೀಡಿಯೊ ಕರೆಯಲ್ಲಿ 2023ರಿಂದ ಪರದೆಯನ್ನೇ ಎದುರಿನವರಿಗೆ ತೋರಿಸುವ ಸೌಲಭ್ಯವಿರುವುದರಿಂದ ಈ ಕೆಲಸವನ್ನು ಕರೆಯಲ್ಲಿಯೇ ಮುಗಿಸಬಹುದು ಎನ್ನುವುದು ನಿಜ. ಆದರೂ ಬರೆದ ಸಂದೇಶಕ್ಕೆ ಅದರದೇ ಉಪಯೋಗವಿದೆ: ಮನೆಯ ಮಕ್ಕಳು ಆಡುವಾಗ ಭಾಷೆ ಮತ್ತೆ ಇಂಗ್ಲಿಷಿಗೆ ಹೋದರೆ, ಅಥವಾ ಹೊಸ ಟ್ಯಾಬ್ಲೆಟ್ ಬಂದರೆ, ಇನ್ನೊಂದು ಕರೆಗೆ ಕಾಯದೆ ಅಜ್ಜಿಯೇ ಆ ಬರಹವನ್ನು ನೋಡಿ ಸರಿಪಡಿಸಿಕೊಳ್ಳಬಲ್ಲರು.

ಮೊದಲ ಸಂದೇಶದಲ್ಲಿ ಸೂಚನೆ ಇರಬಾರದು, ಪ್ರಶ್ನೆ ಇರಬೇಕು. ಟ್ಯಾಬ್ಲೆಟ್ ಹಿಂಭಾಗದಲ್ಲಿ ಅಚ್ಚಾಗಿರುವ ಕಂಪನಿಯ ಹೆಸರೇನು, ಹಲ್ಲುಚಕ್ರದ ಚಿತ್ರವನ್ನು ಒತ್ತಿದಾಗ ತೆರೆಯುವ ಪುಟ ಹೇಗೆ ಕಾಣುತ್ತದೆ ಎಂಬ ಎರಡು ವಿಷಯಗಳು ತಿಳಿಯದೆ ಬರೆದ ಸೂಚನೆ ಊಹೆಯಾಗುತ್ತದೆ. ಏಕೆಂದರೆ ಸ್ಯಾಮ್‌ಸಂಗ್ ಉಪಕರಣಗಳಲ್ಲಿ ಭಾಷೆಯ ಪುಟವು `General management` ಎಂಬ ವಿಭಾಗದೊಳಗಿದ್ದರೆ, ಬೇರೆ ಹಲವು ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳಲ್ಲಿ ಅದು `System` ವಿಭಾಗದೊಳಗಿರುತ್ತದೆ. ಆ್ಯಪಲ್‌ನ ಐಪ್ಯಾಡ್‌ನಲ್ಲಿ `General` ವಿಭಾಗದ `Language & Region` ಎಂಬಲ್ಲಿರುತ್ತದೆ. ಪರದೆಯ ಒಂದು ಫೋಟೊವನ್ನು ಮಗನ ಫೋನಿನಿಂದ ತೆಗೆದು ಕಳಿಸಿದರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು.

ಎರಡನೆಯ ಸಿದ್ಧತೆ ತಾಲೀಮು. ಮೊಮ್ಮಗಳು ಅದೇ ಕಂಪನಿಯ ಫೋನನ್ನೋ ಟ್ಯಾಬ್ಲೆಟ್ಟನ್ನೋ ಮೊದಲು ಇಂಗ್ಲಿಷಿಗೆ ಇಟ್ಟು, ಅಲ್ಲಿಂದ ಕನ್ನಡಕ್ಕೆ ಬದಲಿಸಿ, ಪ್ರತಿ ಪುಟದಲ್ಲೂ ಕಂಡ ಹೆಸರನ್ನು ಅದು ಇರುವಂತೆಯೇ ಬರೆದುಕೊಳ್ಳಬೇಕು. ನೆನಪಿನಿಂದ ಬರೆದ ಹೆಸರಿಗೂ ಪರದೆಯಲ್ಲಿರುವ ಹೆಸರಿಗೂ ಒಂದು ಪದದ ವ್ಯತ್ಯಾಸವಿದ್ದರೂ ಆ ಭಾಷೆ ಬಾರದವರು ಅಲ್ಲಿಯೇ ನಿಂತುಬಿಡುತ್ತಾರೆ. ತಾಲೀಮಿನಲ್ಲಿ ಇನ್ನೊಂದು ವ್ಯತ್ಯಾಸವೂ ಗಮನಕ್ಕೆ ಬರುತ್ತದೆ: ಫೋನಿನಲ್ಲಿ ಒಂದು ಪುಟದ ಮೇಲೆ ಇನ್ನೊಂದು ಪುಟ ತೆರೆದರೆ, ಅಡ್ಡವಾಗಿ ಹಿಡಿದ ಟ್ಯಾಬ್ಲೆಟ್‌ನಲ್ಲಿ ವಿಭಾಗಗಳ ಪಟ್ಟಿ ಎಡಗಡೆಯೇ ಉಳಿದು, ಒತ್ತಿದ ವಿಭಾಗ ಬಲಗಡೆ ತೆರೆಯುತ್ತದೆ. ಎಡಗಡೆ ಏನೂ ಬದಲಾಗಲಿಲ್ಲವೆಂದು ಅಜ್ಜಿ ಮತ್ತೆ ಮತ್ತೆ ಒತ್ತುವುದನ್ನು ತಪ್ಪಿಸಲು “ಈಗ ಬಲಗಡೆ ನೋಡು” ಎಂಬ ಮೂರು ಪದಗಳು ಸಾಕು.

ಮೂರನೆಯದು, ಸಂದೇಶವನ್ನು ಓದುವುದೆಲ್ಲಿ ಎಂಬ ಪ್ರಶ್ನೆ. ಸಂದೇಶವು ಅದೇ ಟ್ಯಾಬ್ಲೆಟ್‌ನ ವಾಟ್ಸ್‌ಆ್ಯಪ್‌ಗೆ ಬಂದಿದ್ದರೆ, ಮೊದಲ ಹೆಜ್ಜೆಯನ್ನು ಇಟ್ಟ ಕೂಡಲೇ ಸಂದೇಶ ಪರದೆಯಿಂದ ಮರೆಯಾಗುತ್ತದೆ. ಮಗನ ಫೋನಿಗೆ ಕಳಿಸಿ ಅದನ್ನು ಪಕ್ಕದಲ್ಲಿಟ್ಟುಕೊಳ್ಳಲು ಹೇಳುವುದು, ಇಲ್ಲವೇ ಕಾಗದದ ಮೇಲೆ ಬರೆದುಕೊಳ್ಳಲು ಹೇಳುವುದು ಇದಕ್ಕೆ ಸುಲಭದ ಪರಿಹಾರ.

ಮೊದಲ ಭಾಗ: ಗಡಿಯವರೆಗೆ

ಒಳ್ಳೆಯ ಸಂದೇಶವು ಹೊರಡುವ ದಾರಿಗಿಂತ ಮೊದಲು ಹಿಂದಿರುಗುವ ದಾರಿಯನ್ನು ಹೇಳುತ್ತದೆ. ಹಾಳಾಗುತ್ತದೆಂಬ ಅಂಜಿಕೆಯೇ ಇಲ್ಲಿ ಹಿರಿಯರ ಕೈಯನ್ನು ಹಿಡಿದು ನಿಲ್ಲಿಸುವುದರಿಂದ, ಆ ಅಂಜಿಕೆಗೆ ಕಾರಣವಿಲ್ಲವೆಂಬುದನ್ನು ಆರಂಭದಲ್ಲೇ ತಿಳಿಸಬೇಕು. ಮೊಮ್ಮಗಳ ಸಂದೇಶ ಹೀಗೆ ಶುರುವಾಗಬಹುದು:

“ಅಜ್ಜಿ, ಇದರಲ್ಲಿ ಏನೂ ಕೆಡುವುದಿಲ್ಲ. ಫೋಟೊ, ಮೆಸೇಜು ಎಲ್ಲ ಇದ್ದ ಹಾಗೇ ಇರುತ್ತವೆ. ಭಾಷೆ ಬದಲಾಯಿಸುವುದಕ್ಕೆ ಪಾಸ್‌ವರ್ಡ್ ಬೇಡ, ದುಡ್ಡೂ ಬೇಡ. ಎಲ್ಲಾದರೂ ಅವುಗಳಲ್ಲಿ ಒಂದನ್ನು ಕೇಳಿದರೆ ನೀನು ಬೇರೆ ಕಡೆ ಹೋಗಿದ್ದೀಯ ಅಂತ ಅರ್ಥ. ಏನನ್ನೂ ಒತ್ತದೆ ಅಲ್ಲೇ ಬಿಟ್ಟುಬಿಡು, ಮಾಮ ಆಫೀಸಿನಿಂದ ಬಂದ ಮೇಲೆ ತೋರಿಸು.”

ಅನಂತರದ ಹೆಜ್ಜೆಗಳಲ್ಲಿ ಒಂದೊಂದರಲ್ಲೂ ಮೂರು ಅಂಶಗಳಿರಬೇಕು: ಏನನ್ನು ಒತ್ತಬೇಕು, ಅದು ಪರದೆಯ ಯಾವ ಭಾಗದಲ್ಲಿದೆ, ಒತ್ತಿದ ಮೇಲೆ ಏನು ಕಾಣುತ್ತದೆ. ಮೂರನೆಯ ಅಂಶವನ್ನು ಬರೆಯುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಆದರೆ ತಾನು ಸರಿಯಾದ ದಾರಿಯಲ್ಲಿದ್ದೇನೆಯೇ ಎಂದು ಓದುವವರಿಗೆ ತಿಳಿಯುವುದು ಅದರಿಂದಲೇ. ಇಂಗ್ಲಿಷ್ ಹೆಸರನ್ನು ಪರದೆಯಲ್ಲಿರುವ ಅಕ್ಷರಗಳಲ್ಲೇ ಕೊಟ್ಟು, ಅದರ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದರೆ ಕಣ್ಣಿಗೂ ಬಾಯಿಗೂ ಆಧಾರ ಸಿಗುತ್ತದೆ.

“1. ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಗೆ ಎಳೆ. ಒಂದು ಪರದೆ ಇಳಿದು ಬರುತ್ತದೆ. ಅದರ ಮೇಲೆ ಬಲಗಡೆ ಹಲ್ಲುಚಕ್ರದ ಚಿತ್ರ ಇದೆ. ಅದನ್ನು ಒತ್ತು. ದೊಡ್ಡ ಪಟ್ಟಿಯೊಂದು ತೆರೆಯುತ್ತದೆ, ತಲೆಯಲ್ಲಿ `Settings` ಅಂತ ಇರುತ್ತದೆ, ಸೆಟ್ಟಿಂಗ್ಸ್.

2. ಎಡಗಡೆಯ ಪಟ್ಟಿಯನ್ನು ಮೇಲಕ್ಕೆ ಸರಿಸುತ್ತಾ ಹೋಗು. `General management` ಸಿಗುತ್ತದೆ, ಜನರಲ್ ಮ್ಯಾನೇಜ್‌ಮೆಂಟ್. ಅದನ್ನು ಒತ್ತಿ ಬಲಗಡೆ ನೋಡು.

3. ಬಲಗಡೆ `Language` ಅಂತ ಇದೆ, ಲ್ಯಾಂಗ್ವೇಜ್. ಒತ್ತು. ಈಗ `English (United States)` ಅನ್ನುವ ಒಂದು ಸಾಲು, ಅದರ ಕೆಳಗೆ ಕೂಡಿಸುವ ಚಿಹ್ನೆಯ ಜೊತೆ `Add language` ಕಾಣುತ್ತದೆ. ಆ್ಯಡ್ ಲ್ಯಾಂಗ್ವೇಜನ್ನು ಒತ್ತು.

4. ಈಗ ಬರುವುದು ಜಗತ್ತಿನ ಭಾಷೆಗಳ ಉದ್ದದ ಪಟ್ಟಿ. ಒಂದೊಂದು ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿದೆ. ನಮ್ಮದು ತುಂಬಾ ಕೆಳಗೆ, ತೆಲುಗು ಆದ ಮೇಲೆ, ಮಲಯಾಳಕ್ಕಿಂತ ಮೊದಲು ಇರುತ್ತದೆ. ನಿಧಾನವಾಗಿ ಓದಿ ‘ಕನ್ನಡ’ ಅಂತ ಇರುವುದನ್ನೇ ಒತ್ತು.

5. ಎರಡು ಗುಂಡಿ ಬರುತ್ತವೆ. `Keep current` ಬೇಡ. `Set as default` ಒತ್ತು, ಸೆಟ್ ಆ್ಯಸ್ ಡಿಫಾಲ್ಟ್.”

ನಾಲ್ಕನೆಯ ಹೆಜ್ಜೆಯಲ್ಲಿ ಸಂದೇಶ ತಡೆದು ನಿಲ್ಲುವುದಕ್ಕೆ ಕಾರಣವಿದೆ. ಪಟ್ಟಿಯು ಉದ್ದವಾಗಿದ್ದು, ರೋಮನ್ ಲಿಪಿಯ ಭಾಷೆಗಳೆಲ್ಲ ಮುಗಿದ ಮೇಲೆ ಭಾರತದ ಲಿಪಿಗಳು ಬರುತ್ತವೆ. ತೆಲುಗು ಮತ್ತು ಕನ್ನಡದ ಅಕ್ಷರಗಳು ದುಂಡಾಗಿ, ಒಂದನ್ನೊಂದು ಹೋಲುವುದರಿಂದ ಓಡುವ ಪಟ್ಟಿಯಲ್ಲಿ ಕಣ್ಣು ಮೋಸಹೋಗುವುದು ಸಹಜ. ಪಟ್ಟಿಯ ಮೇಲ್ಭಾಗದಲ್ಲಿ ಭೂತಗನ್ನಡಿಯ ಚಿತ್ರವಿದ್ದರೆ ಅದನ್ನು ಒತ್ತಿ `Kannada` ಎಂದು ಬರೆದೂ ಹುಡುಕಬಹುದು. ಇಂಗ್ಲಿಷ್ ಅಕ್ಷರಗಳನ್ನು ಒತ್ತಬಲ್ಲ ಅಜ್ಜಿಗೆ ಇದು ಹತ್ತಿರದ ದಾರಿ.

ಐದನೆಯ ಹೆಜ್ಜೆಯೇ ಗಡಿ. `Set as default` ಎಂದರೆ ಸೇರಿಸಿದ ಭಾಷೆಯನ್ನು ಪಟ್ಟಿಯ ತುದಿಗೆ ಏರಿಸು ಎಂದು. `Keep current` ಎಂದರೆ ಸೇರಿಸಿಕೊ, ಆದರೆ ಈಗಿರುವ ಭಾಷೆಯೇ ಮುಂದುವರಿಯಲಿ ಎಂದು. ತಪ್ಪಿ ಎರಡನೆಯದನ್ನು ಒತ್ತಿದರೆ ಪಟ್ಟಿಯಲ್ಲಿ ಕನ್ನಡ ಕಾಣುತ್ತದೆ, ಪರದೆ ಮಾತ್ರ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಆಗ ಮತ್ತೆ ಮೊದಲಿನಿಂದ ಹೊರಡಬೇಕಾಗಿಲ್ಲ. ಅದೇ ಪಟ್ಟಿಯಲ್ಲಿ ‘ಕನ್ನಡ’ದ ಸಾಲನ್ನು ಆರಿಸಿ `Apply` ಒತ್ತಿದರೆ ಸಾಕು.

ಗಡಿಯಾಚೆ: ಬದಲಾದದ್ದು, ಬದಲಾಗದೆ ಉಳಿದದ್ದು

ಗುಂಡಿ ಒತ್ತಿದ ಕೂಡಲೇ ಪರದೆ ಒಮ್ಮೆ ಮಿನುಗಿ, ಅದೇ ಪುಟ ಕನ್ನಡದಲ್ಲಿ ಮೂಡುತ್ತದೆ. ಕೆಲಸ ಆಗಿದೆಯೆಂಬುದಕ್ಕೆ ಇದೇ ಗುರುತು. ಹಾಗಾಗದೆ, ಪಟ್ಟಿಯ ತುದಿಯಲ್ಲಿ ಕನ್ನಡವಿದ್ದೂ ಮೆನುಗಳು ಇಂಗ್ಲಿಷಿನಲ್ಲೇ ಉಳಿದರೆ ಅದು ಅಜ್ಜಿಯ ಬೆರಳಿನ ತಪ್ಪಲ್ಲ. ತಯಾರಕರು ತಮ್ಮ ಮೆನುಗಳ ಅನುವಾದಗಳನ್ನು ಮಾರಾಟದ ದೇಶಕ್ಕೆ ತಕ್ಕಂತೆ ಅಳವಡಿಸುವುದುಂಟು; ಹೀಗಾಗಿ ಹೊರದೇಶದ ಮಾರುಕಟ್ಟೆಗೆಂದು ತಯಾರಾದ ಟ್ಯಾಬ್ಲೆಟ್‌ನಲ್ಲಿ ಕನ್ನಡದ ಹೆಸರು ಪಟ್ಟಿಯಲ್ಲಿದ್ದು, ಮೆನುವಿನ ಕನ್ನಡ ಪಠ್ಯ ಇಲ್ಲದಿರಬಹುದು. ಅಂಥ ಸಂದರ್ಭದಲ್ಲೂ ಶ್ರಮ ವ್ಯರ್ಥವಾಗುವುದಿಲ್ಲ, ಏಕೆಂದರೆ ತಮ್ಮೊಳಗೆ ಕನ್ನಡದ ಪಠ್ಯವನ್ನು ಇಟ್ಟುಕೊಂಡಿರುವ ಆ್ಯಪ್‌ಗಳು ಪಟ್ಟಿಯ ತುದಿಯಲ್ಲಿರುವ ಭಾಷೆಯನ್ನು ನೋಡಿ ಕನ್ನಡಕ್ಕೆ ತಿರುಗುತ್ತವೆ.

ಪಟ್ಟಿಯ ನಿಯಮ ಇಷ್ಟೇ: ಆ್ಯಪ್ ಮೊದಲ ಭಾಷೆಯಲ್ಲಿ ದೊರೆತರೆ ಅದರಲ್ಲಿ, ಇಲ್ಲದಿದ್ದರೆ ಎರಡನೆಯ ಭಾಷೆಯಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಇಂಗ್ಲಿಷನ್ನು ಪಟ್ಟಿಯಿಂದ ತೆಗೆಯಬಾರದೆಂದು ಸಂದೇಶ ಹೇಳಬೇಕು. ಎರಡನೆಯ ಸ್ಥಾನದಲ್ಲಿ ಇಂಗ್ಲಿಷ್ ಇದ್ದರೆ ಕನ್ನಡವಿಲ್ಲದ ಆ್ಯಪ್‌ಗಳು ಹಿಂದಿನಂತೆಯೇ ತೆರೆದುಕೊಳ್ಳುತ್ತವೆ. ಹಿಂದಿರುಗುವ ದಾರಿಯೂ ಅದೇ. ಹಲ್ಲುಚಕ್ರದ ಚಿತ್ರ ಯಾವ ಭಾಷೆಯಲ್ಲೂ ಬದಲಾಗುವುದಿಲ್ಲ, ವಿಭಾಗಗಳು ಇದ್ದ ಸ್ಥಾನದಲ್ಲೇ ಇರುತ್ತವೆ, ಭಾಷೆಯ ಪುಟದಲ್ಲಿ `English` ಎಂಬ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಉಳಿದಿರುತ್ತದೆ. ಈ ಮೂರು ಗುರುತುಗಳಿಂದ ಮಗನೋ ಮನೆಯ ಮಕ್ಕಳೋ ಕನ್ನಡ ಓದಲು ಬಾರದಿದ್ದರೂ ಟ್ಯಾಬ್ಲೆಟ್ಟನ್ನು ಮೊದಲಿನ ಸ್ಥಿತಿಗೆ ತರಬಲ್ಲರು. ಗಡಿಯಾಚೆಗಿನ ಹೆಜ್ಜೆಗಳನ್ನು ಬರೆಯುವಾಗ ಮೊಮ್ಮಗಳು ತಾಲೀಮಿನಲ್ಲಿ ಬರೆದುಕೊಂಡ ಕನ್ನಡದ ಹೆಸರುಗಳನ್ನು ಬಳಸಬೇಕು. ಆವೃತ್ತಿಯಿಂದ ಆವೃತ್ತಿಗೆ ಆ ಹೆಸರುಗಳು ಬದಲಾಗಬಹುದಾದ್ದರಿಂದ ಜೊತೆಗೆ “ಎಡಗಡೆ ಬಣ್ಣ ತುಂಬಿರುವ ಸಾಲು” ಎಂಬಂಥ ಸ್ಥಳದ ಗುರುತನ್ನೂ ಕೊಡಬೇಕು.

ಸದ್ದಿಲ್ಲದೆ ಬದಲಾಗುವ, ಅದಕ್ಕಾಗಿಯೇ ಎಚ್ಚರ ಬೇಕಾದ ಒಂದು ವಿಷಯ ದಿನಾಂಕ. ಭಾಷೆಯ ಆಯ್ಕೆಯ ಜೊತೆ ಪ್ರದೇಶದ ರೂಢಿಗಳೂ ಬರುತ್ತವೆ. ಅಮೆರಿಕದ ಇಂಗ್ಲಿಷಿನಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಕನ್ನಡವನ್ನು ಆರಿಸಿದಾಗ ಭಾರತದ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ. ಏಪ್ರಿಲ್ 7ನೇ ತಾರೀಖು ನಿನ್ನೆಯವರೆಗೆ 4/7 ಎಂದು ಕಾಣುತ್ತಿದ್ದದ್ದು ಇಂದಿನಿಂದ 7/4 ಎಂದು ಕಾಣುತ್ತದೆ. ಆದರೆ ಆಸ್ಪತ್ರೆಯಿಂದ ಬರುವ ಸಂದೇಶದೊಳಗಿನ ತಾರೀಖು ಅವರು ಬರೆದಂತೆಯೇ, ಅಂದರೆ ಅಮೆರಿಕದ ಕ್ರಮದಲ್ಲೇ ಉಳಿಯುತ್ತದೆ. ಒಂದೇ ಪರದೆಯ ಮೇಲೆ ಎರಡು ಕ್ರಮಗಳು ಸೇರುವುದರಿಂದ, ವೈದ್ಯರನ್ನು ಕಾಣುವ ದಿನವನ್ನು ತಿಂಗಳ ಹೆಸರಿನೊಂದಿಗೆ ಕಾಗದದ ಮೇಲೆ ಬರೆದಿಡುವಂತೆ ಅಜ್ಜಿಗೆ ಹೇಳುವುದು ಅಗತ್ಯ. ಗಡಿಯಾರದ ಬಗ್ಗೆ ಮಾತ್ರ ಚಿಂತೆ ಬೇಡ. ಸಮಯವಲಯದ ಸೆಟ್ಟಿಂಗ್ ಬೇರೆಯದಾದ್ದರಿಂದ, ಪಟ್ಟಿಯಲ್ಲಿ ಕನ್ನಡದ ಪಕ್ಕ ‘ಭಾರತ’ ಎಂದಿದ್ದರೂ ಟ್ಯಾಬ್ಲೆಟ್ ಎಡಿಸನ್‌ನ ಗಂಟೆಯನ್ನೇ ತೋರಿಸುತ್ತದೆ. ಅಂಕಿಗಳೂ 1, 2, 3 ಎಂಬ ಪರಿಚಿತ ರೂಪದಲ್ಲೇ ಇರುತ್ತವೆ.

ಬದಲಾಗದೆ ಉಳಿಯುವುದು ಒಳಗಿನ ವಿಷಯ. ವ್ಯವಸ್ಥೆಯ ಭಾಷೆ ಬದಲಾದಾಗ ಗುಂಡಿ ಮತ್ತು ಮೆನುಗಳ ಹೆಸರುಗಳು ಕನ್ನಡವಾಗುತ್ತವೆಯೇ ಹೊರತು, ಪಕ್ಕದ ಮನೆಯವರು ಇಂಗ್ಲಿಷಿನಲ್ಲಿ ಕಳಿಸಿದ ಸಂದೇಶ, ಅಮೆರಿಕದ ಪತ್ರಿಕೆಯ ಸುದ್ದಿ, ಔಷಧಿ ಅಂಗಡಿಯ ಸೂಚನೆಗಳು ಇದ್ದ ಭಾಷೆಯಲ್ಲೇ ಇರುತ್ತವೆ. ಇದನ್ನು ಮೊದಲೇ ಹೇಳದಿದ್ದರೆ, ಎಲ್ಲವೂ ಸರಿಯಾಗಿ ನಡೆದಿದ್ದರೂ ಏನೋ ತಪ್ಪಾಗಿದೆಯೆಂದು ಅಜ್ಜಿ ತಿಳಿದುಕೊಳ್ಳುತ್ತಾರೆ.

ಅದೇ ಟ್ಯಾಬ್ಲೆಟ್ಟನ್ನು ಮನೆಯ ಮಕ್ಕಳೂ ಬಳಸುತ್ತಿದ್ದರೆ ಇಡೀ ವ್ಯವಸ್ಥೆಯನ್ನು ಬದಲಿಸುವ ಬದಲು ಅಜ್ಜಿ ಬಳಸುವ ಆ್ಯಪ್‌ಗಳನ್ನಷ್ಟೇ ಬದಲಿಸುವುದು ಜಾಣತನ. ಆಂಡ್ರಾಯ್ಡ್ 13 ಅಥವಾ ಅದಕ್ಕಿಂತ ಹೊಸ ಆವೃತ್ತಿಯಿರುವ ಸ್ಯಾಮ್‌ಸಂಗ್ ಉಪಕರಣಗಳಲ್ಲಿ `General management` ಒಳಗೇ `App languages` ಎಂಬ ಸಾಲಿದೆ. ಅಲ್ಲಿ ಪಟ್ಟಿಯಾಗಿರುವ ಆ್ಯಪ್‌ನ ಹೆಸರನ್ನು ಒತ್ತಿ, ಆ ಆ್ಯಪ್‌ನಲ್ಲಿ ಕನ್ನಡವಿದ್ದರೆ ಅದನ್ನು ಆರಿಸಬಹುದು.

ಎರಡನೆಯ ಭಾಗ: ಬರೆಯಲು ಕನ್ನಡ

ಮೆನುಗಳು ಕನ್ನಡವಾದ ಮೇಲೂ ಬರೆಯಲು ಹೊರಟಾಗ ಇಂಗ್ಲಿಷಿನ ಕೀಲಿಮಣೆಯೇ ಎದ್ದುಬರಬಹುದು. ಇದು ಎರಡನೆಯ ದಿನದ ಪಾಠವಾಗುವುದು ಮೇಲು. ಮೊದಲ ಸಂದೇಶದ ಹೆಜ್ಜೆಗಳ ಜೊತೆಗೇ ಇದನ್ನೂ ಸೇರಿಸಿದರೆ ಎರಡೂ ಕೆಡುತ್ತವೆ. ಸ್ಯಾಮ್‌ಸಂಗ್ ಕೀಲಿಮಣೆಯಲ್ಲಿ ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಪುಟ್ಟ ಹಲ್ಲುಚಕ್ರವನ್ನು ಒತ್ತಿದರೆ ಕೀಲಿಮಣೆಯ ಸೆಟ್ಟಿಂಗ್ ಪುಟ ತೆರೆಯುತ್ತದೆ. ಅದರಲ್ಲಿ ಇಂಗ್ಲಿಷಿನಲ್ಲಾದರೆ `Languages and types`, ಅದರೊಳಗೆ `Manage input languages` ಎಂಬ ಸಾಲುಗಳಿವೆ. ಅಲ್ಲಿನ ಪಟ್ಟಿಯಲ್ಲಿ ಕನ್ನಡದ ಎದುರು ಕೆಳಮುಖದ ಬಾಣವಿದ್ದರೆ ಅದನ್ನು ಒತ್ತಿ ಇಳಿಸಿಕೊಂಡು, ಅನಂತರ ಆ ಸಾಲನ್ನು ಚಾಲೂ ಮಾಡಬೇಕು. ಆಮೇಲೆ ಬರೆಯುವಾಗ ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀಲಿಯ ಮೇಲೆ ಬೆರಳನ್ನು ಅಡ್ಡ ಎಳೆದರೆ ಕೀಲಿಮಣೆ ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಬದಲಾಗುತ್ತದೆ. ಬರೆಯುತ್ತಿರುವಾಗ ಅಕ್ಷರಗಳು ಇದ್ದಕ್ಕಿದ್ದಂತೆ ಮಾಯವಾಗಿ ಇಂಗ್ಲಿಷ್ ಬಂದಿತೆಂದರೆ ಬೆರಳು ಆ ಕೀಲಿಯ ಮೇಲೆ ಜಾರಿದೆ ಎಂದೇ ತಿಳಿಯಬೇಕು.

ಕಾಗದದ ಮೇಲೆ ಕನ್ನಡ ಬರೆದು ರೂಢಿಯಿರುವವರಿಗೆ ಕೀಲಿಮಣೆಯಲ್ಲಿ ಮೊದಲು ಎದುರಾಗುವ ಕಷ್ಟ ಒತ್ತಕ್ಷರ. ಕೀಲಿಮಣೆಯಲ್ಲಿ ಒತ್ತಕ್ಷರಗಳಿಗೆಂದೇ ಬೇರೆ ಕೀಲಿಗಳು ಕಾಣುವುದಿಲ್ಲ. ವ್ಯಂಜನದ ಸ್ವರವನ್ನು ತೆಗೆದುಹಾಕುವ ಹಲಂತ ಚಿಹ್ನೆಯ ಒಂದು ಕೀಲಿ ಮಾತ್ರ ಇರುತ್ತದೆ. ‘ಅಕ್ಕ’ ಎಂದು ಬರೆಯಲು ಅ, ಕ, ಹಲಂತ, ಕ ಎಂಬ ಕ್ರಮದಲ್ಲಿ ಒತ್ತಬೇಕು. ಹಲಂತವನ್ನು ಒತ್ತಿದಾಗ ಪರದೆಯಲ್ಲಿ ‘ಅಕ್’ ಎಂದು ಕಾಣುತ್ತದೆ, ಇನ್ನೊಂದು ಕ ಒತ್ತಿದ ಕೂಡಲೇ ಅದು ತಾನಾಗಿ ಒತ್ತಾಗಿ ಕೆಳಗೆ ಇಳಿಯುತ್ತದೆ. ನಡುವಿನ ‘ಅಕ್’ ಎಂಬ ರೂಪವನ್ನು ನೋಡಿ ತಪ್ಪಾಯಿತೆಂದು ಅಳಿಸಿಬಿಡುವವರೇ ಹೆಚ್ಚಾದ್ದರಿಂದ, ಆ ನಡುವಿನ ರೂಪವನ್ನೂ ಸಂದೇಶದಲ್ಲಿ ತೋರಿಸಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಅರ್ಕಾವತ್ತಿನ ವಿಷಯ. ‘ಸೂರ್ಯ’ ಎಂದು ಕೈಯಿಂದ ಬರೆಯುವಾಗ ಸೂ, ಆಮೇಲೆ ಯ, ಕೊನೆಗೆ ಅದರ ಬಲಕ್ಕೆ ಅರ್ಕಾವತ್ತು ಬರುತ್ತದೆ. ಕೀಲಿಮಣೆಯಲ್ಲಿ ಒತ್ತಬೇಕಾದ ಕ್ರಮ ಅದಲ್ಲ. ಯೂನಿಕೋಡ್ ಕನ್ನಡವನ್ನು ಉಚ್ಚಾರಣೆಯ ಕ್ರಮದಲ್ಲಿ ಜೋಡಿಸುವುದರಿಂದ, ಬಾಯಲ್ಲಿ ಮೊದಲು ಬರುವ ರ ಕೀಲಿಯಲ್ಲೂ ಮೊದಲು ಬರಬೇಕು: ಸ, ದೀರ್ಘ ಊಕಾರದ ಚಿಹ್ನೆ, ರ, ಹಲಂತ, ಯ. ಅರ್ಕಾವತ್ತನ್ನು ಅದರ ಸ್ಥಾನಕ್ಕೆ ಕೊಂಡೊಯ್ಯುವ ಕೆಲಸವನ್ನು ಅಕ್ಷರಶೈಲಿಯ ತಂತ್ರಾಂಶವೇ ಮಾಡುತ್ತದೆ. ಕೈಬರಹದ ಕ್ರಮದಲ್ಲಿ ಯ ಮೊದಲು ಒತ್ತಿದರೆ ಮೂಡುವುದು ‘ಸೂಯ್ರ’. ನುಡಿದಂತೆ ಒತ್ತಬೇಕು ಎಂಬ ಒಂದೇ ನಿಯಮ ತಿಳಿದರೆ ಒತ್ತಕ್ಷರ, ಅರ್ಕಾವತ್ತು ಎರಡರ ತೊಡಕೂ ಬಗೆಹರಿಯುತ್ತದೆ.

ಈ ಕ್ರಮ ಕೈಗೆ ಹತ್ತದಿದ್ದರೆ ಗೂಗಲ್‌ನ ಜಿಬೋರ್ಡ್ ಎಂಬ ಕೀಲಿಮಣೆಯಲ್ಲಿ ಬೇರೆ ಎರಡು ದಾರಿಗಳಿವೆ. ಒಂದು ಲಿಪ್ಯಂತರ, ಅಂದರೆ `mommagalu` ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ‘ಮೊಮ್ಮಗಳು’ ಎಂಬ ಪದ ಮೇಲಿನ ಸಾಲಿನಲ್ಲಿ ಮೂಡುವ ವಿಧಾನ. ಇದು ಇಂಗ್ಲಿಷ್ ಅಕ್ಷರಗಳ ಪರಿಚಯವಿರುವ ಕಿರಿಯರಿಗೆ ಸುಲಭ. ಇನ್ನೊಂದು ಕೈಬರಹ, ಅಂದರೆ ಪರದೆಯ ಮೇಲೆ ಬೆರಳಿನಿಂದ ಬರೆದದ್ದನ್ನು ಗುರುತಿಸಿ ಅಚ್ಚಿನ ಅಕ್ಷರವಾಗಿಸುವ ವಿಧಾನ. ಜೀವನವಿಡೀ ಪೆನ್ನಿನಿಂದ ಕಾಗದ ಬರೆದ ಅಜ್ಜಿಗೆ ಹೊಂದುವುದು ಇದೇ. ಟ್ಯಾಬ್ಲೆಟ್‌ನ ಅಗಲವಾದ ಪರದೆಯೂ ಇದಕ್ಕೆ ಅನುಕೂಲ. ಜಿಬೋರ್ಡ್‌ಗೆ ಕನ್ನಡವನ್ನು ಸೇರಿಸುವಾಗ ಈ ವಿನ್ಯಾಸಗಳು ಒಂದರ ಪಕ್ಕ ಒಂದಾಗಿ ಕಾಣುತ್ತವೆ, ಬೇಕಾದದ್ದಕ್ಕೆ ಗುರುತು ಹಾಕಬೇಕು. 2017ರಿಂದ ಅದರಲ್ಲಿ ಕನ್ನಡದ ಮಾತನ್ನು ಬರಹವಾಗಿಸುವ ಸೌಲಭ್ಯವೂ ಇದ್ದು, ಮೈಕಿನ ಚಿತ್ರವನ್ನು ಒತ್ತಿ ಮಾತಾಡಬಹುದು. ಅದು ಸಾಮಾನ್ಯವಾಗಿ ಕೀಲಿಮಣೆ ಆ ಹೊತ್ತಿಗೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯನ್ನೇ ನಿರೀಕ್ಷಿಸುವುದರಿಂದ, ಕನ್ನಡದಲ್ಲಿ ಹೇಳಿದ್ದು ಅರ್ಥವಿಲ್ಲದ ಇಂಗ್ಲಿಷ್ ಪದಗಳಾಗಿ ಮೂಡಿದರೆ ಮೊದಲು ಕೀಲಿಮಣೆಯನ್ನು ಕನ್ನಡಕ್ಕೆ ತರಬೇಕು.

ಒತ್ತಕ್ಷರಗಳು ಸಾಲಿನ ಕೆಳಗೆ ಚಿಕ್ಕದಾಗಿ ಮೂಡುವುದರಿಂದ, ಇಂಗ್ಲಿಷಿಗೆ ಸಾಕಾಗುತ್ತಿದ್ದ ಅಕ್ಷರಗಾತ್ರ ಕನ್ನಡಕ್ಕೆ ಸಾಲದೆ ಹೋಗಬಹುದು ಎಂಬುದನ್ನೂ ಇಲ್ಲಿ ಸೇರಿಸಬೇಕು. ಪರದೆಗೆ ಸಂಬಂಧಿಸಿದ `Display` ವಿಭಾಗದಲ್ಲಿ ಅಕ್ಷರಗಾತ್ರದ ಪಟ್ಟಿಯನ್ನು ಒಂದೆರಡು ಹಂತ ಬಲಕ್ಕೆ ಸರಿಸಿದರೆ ‘ಕ್ಷ್ಮ’ದಂಥ ಅಕ್ಷರಗಳೂ ಸ್ಪಷ್ಟವಾಗುತ್ತವೆ.

ಸಂದೇಶದ ಕೊನೆ

ಸಂದೇಶವು ಒಂದು ಪರೀಕ್ಷೆಯೊಂದಿಗೆ ಮುಗಿಯುವುದು ಒಳ್ಳೆಯದು, ಏಕೆಂದರೆ ಕೆಲಸ ಆಯಿತೇ ಇಲ್ಲವೇ ಎಂಬುದು ಶಿವಮೊಗ್ಗದಲ್ಲಿರುವವರಿಗೆ ಬೇರೆ ರೀತಿಯಲ್ಲಿ ತಿಳಿಯುವುದಿಲ್ಲ. “ಎಲ್ಲ ಆದ ಮೇಲೆ ನನಗೆ ‘ಅಕ್ಕ ಸೂರ್ಯನನ್ನು ನೋಡಿದಳು’ ಅಂತ ಬರೆದು ಕಳಿಸು ಅಜ್ಜಿ” ಎಂದು ಕೇಳಿದರೆ ಬರುವ ಉತ್ತರದಲ್ಲಿ ಒತ್ತಕ್ಷರ, ಅರ್ಕಾವತ್ತು, ದೀರ್ಘ ಎಲ್ಲವೂ ಪರೀಕ್ಷೆಯಾಗುತ್ತವೆ. ‘ಸೂಯ್ರ’ ಎಂದು ಬಂದರೆ ಕೀಲಿಯ ಕ್ರಮವನ್ನು ಮತ್ತೊಮ್ಮೆ ಹೇಳಬೇಕು. ಇಂಗ್ಲಿಷ್ ಅಕ್ಷರಗಳಲ್ಲಿ ಬಂದರೆ ಕೀಲಿಮಣೆ ಇನ್ನೂ ಸೇರಿಲ್ಲ. ಧ್ವನಿ ಸಂದೇಶ ಬಂದರೆ ಯಾವ ಹೆಜ್ಜೆಯಲ್ಲಿ ನಿಂತಿತೆಂದು ಅದರಿಂದಲೇ ತಿಳಿಯುತ್ತದೆ.

ಹಿರಿಯರಿಗೆ ಇಂಥ ಸೂಚನೆ ಕಳಿಸಲು ಹೊರಡುವ ಓದುಗರು ಮೊದಲು ತಮ್ಮ ಕೈಯಲ್ಲಿರುವ ಫೋನನ್ನೇ ಕನ್ನಡಕ್ಕೆ ಬದಲಿಸಿ, ಒಂದು ದಿನ ಹಾಗೆಯೇ ಬಳಸಿ, ಮತ್ತೆ ಹಿಂದಕ್ಕೆ ತಂದು ನೋಡಬೇಕು. ಆ ಒಂದು ದಿನದಲ್ಲಿ ಎಲ್ಲಿ ಬೆರಳು ತಡೆಯಿತೋ, ಸಂದೇಶದಲ್ಲಿ ಹೆಚ್ಚು ವಿವರಿಸಬೇಕಾದದ್ದು ಅಲ್ಲಿಯೇ.